ಹಬ್ಬದ ಸಿಹಿತಿಂಡಿಗೆ ಬಂಡವಾಳ: ಉದ್ದರಿ, ಕಂತಿನ ಸಾಲ, ಕ್ಯಾಶ್ ಕ್ರೆಡಿಟ್, ಮುಂಗಡ

ಹಬ್ಬದ ಸಿಹಿತಿಂಡಿ ವ್ಯಾಪಾರದಲ್ಲಿ ಹಣ ಹೊರಗೆ ಹೋಗುವುದು ಎಂಟು ವಾರ ಮೊದಲು ಶುರುವಾಗುತ್ತದೆ, ಒಳಗೆ ಬರುವುದು ಕೊನೆಯ ಹತ್ತು ದಿನಗಳಲ್ಲಿ. ಈ ನಡುವಿನ ಕಂದಕವನ್ನು ಯಾವ ಹಣದಿಂದ ತುಂಬಬೇಕು ಎಂಬುದೇ ವ್ಯವಹಾರ ಯೋಜನೆಯ ಅತ್ಯಂತ ಮುಖ್ಯವಾದ ಪುಟ. ನಾನು ನಾಲ್ಕು ದಾರಿಗಳನ್ನು ಬೇರೆ ಬೇರೆ ಹಬ್ಬಗಳಲ್ಲಿ ಬಳಸಿ ನೋಡಿದ್ದೇನೆ. ಸರಕು ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ನೋಡಿ ಅದಕ್ಕೆ ತಕ್ಕ ಹಣವನ್ನು ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಬಡ್ಡಿ ದರವನ್ನು ನೋಡುವುದು ಆಮೇಲಿನ ಕೆಲಸ.

ಹೋಲಿಕೆ ಸುಲಭವಾಗಲೆಂದು ಹಬ್ಬದ ಇಡೀ ಮಾರಾಟವನ್ನು 100 ಎಂದು ಹಿಡಿಯುತ್ತೇನೆ. ಮಾರಾಟ ಏರುವ ಮೊದಲೇ ಇದರಲ್ಲಿ 40 ಕೈಬಿಟ್ಟಿರುತ್ತದೆ. ಎಂಟು ವಾರ ಮೊದಲು ಪೆಟ್ಟಿಗೆ ಮತ್ತು ಪ್ಯಾಕಿಂಗ್ ಸಾಮಗ್ರಿಗೆ 10, ನಾಲ್ಕು ವಾರ ಮೊದಲು ತುಪ್ಪ, ಸಕ್ಕರೆ, ಗೋಡಂಬಿ, ಬಾದಾಮಿಗೆ 20, ಕೊನೆಯ ವಾರ ಹಾಲು, ಖೋವಾ ಮತ್ತು ಹೆಚ್ಚುವರಿ ಕೆಲಸಗಾರರ ಕೂಲಿಗೆ 10. ಬಡ್ಡಿಯನ್ನು ವರ್ಷಕ್ಕೆ ಶೇಕಡಾ 12 ಎಂದುಕೊಳ್ಳೋಣ. ನಿಮ್ಮ ದರ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ, ಲೆಕ್ಕ ಹಾಕುವ ವಿಧಾನ ಬದಲಾಗುವುದಿಲ್ಲ.

ಮೊದಲು ಕಂತಿನ ಸಾಲ. 40 ಸಾಲ ತಂದು ಆರು ಸಮಾನ ಮಾಸಿಕ ಕಂತುಗಳಲ್ಲಿ ತೀರಿಸುವುದಾದರೆ ಒಂದು ಕಂತು ಸುಮಾರು 6.9 ಆಗುತ್ತದೆ, ಒಟ್ಟು ಬಡ್ಡಿ 1.4. ಬಡ್ಡಿ ಭಾರವಲ್ಲ. ತೊಂದರೆ ಇರುವುದು ದಿನಾಂಕದಲ್ಲಿ. ಎಂಟು ವಾರ ಮೊದಲು ಸಾಲ ತೆಗೆದರೆ ಮೊದಲ ಕಂತು ಬರುವುದು ಸರಿಯಾಗಿ ಗೋಡಂಬಿ, ತುಪ್ಪ ಕೊಳ್ಳಬೇಕಾದ ವಾರ. ಎರಡನೆಯದು ಬರುವುದು ಹಬ್ಬದ ಹೊಸ್ತಿಲಲ್ಲಿ. ಅಂದರೆ 40 ತಂದರೂ ಕೈಯಲ್ಲಿ ಬಳಸಲು ಸಿಗುವುದು 33, ಆಮೇಲೆ 26. ಅದಲ್ಲದೆ ಮೊದಲ ನಾಲ್ಕು ವಾರ ಬೇಕಾದದ್ದು ಬರೀ 10. ಉಳಿದ 30 ಖಾತೆಯಲ್ಲಿ ಸುಮ್ಮನೆ ಕೂತು ಬಡ್ಡಿ ತಿನ್ನುತ್ತದೆ. ಕಡಾಯಿ, ಶೈತ್ಯಪೆಟ್ಟಿಗೆ, ಒಲೆ ಕೊಳ್ಳಲು ಈ ಸಾಲ ಒಳ್ಳೆಯದು, ಅವು ವರ್ಷಗಟ್ಟಲೆ ದುಡಿಯುತ್ತವೆ. ಹಬ್ಬದ ದಾಸ್ತಾನಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಈ ವ್ಯಾಪಾರದ ಲಯಕ್ಕೆ ಹೆಚ್ಚು ಹೊಂದುತ್ತದೆ. ಮಿತಿ ಒಂದು ಇರುತ್ತದೆ, ಬೇಕಾದಷ್ಟು ತೆಗೆದ ದಿನದಿಂದ ತುಂಬಿದ ದಿನದವರೆಗೆ ಮಾತ್ರ ಬಡ್ಡಿ. ಅದೇ 10, 20, 10 ಅನ್ನು ಬೇಕಾದ ವಾರವೇ ತೆಗೆದು, ಹಬ್ಬ ಮುಗಿದು ಒಂದು ವಾರಕ್ಕೆ ಪೂರ್ತಿ ತುಂಬಿದರೆ ಬಡ್ಡಿ 0.5ನ್ನೂ ಮುಟ್ಟುವುದಿಲ್ಲ. ಕಂತಿನ ಸಾಲದ ಮೂರನೇ ಒಂದು ಭಾಗ. ಮಿತಿ ನವೀಕರಣದ ಶುಲ್ಕ ಬೇರೆ ಇರುತ್ತದೆ, ಅದನ್ನು ಮರೆಯಬೇಡಿ. ವರ್ಷಕ್ಕೆ ಒಂದೇ ಹಬ್ಬಕ್ಕೆ ಬಳಸುವವರಿಗೆ ಆ ಶುಲ್ಕ ಬಡ್ಡಿಗಿಂತ ದೊಡ್ಡದಾಗಬಹುದು.

ಮಂಜೂರಾದ ಮಿತಿಯಷ್ಟನ್ನೂ ತೆಗೆಯಬಹುದು ಎಂದು ನಂಬಿ ಬರೆದ ಯೋಜನೆಗಳನ್ನು ನಾನು ಕಂಡಿದ್ದೇನೆ. ಅದು ಹಾಗಲ್ಲ. ದಾಸ್ತಾನಿನ ಮೇಲೆ ಕೊಡುವ ಸಾಲದಲ್ಲಿ ಬ್ಯಾಂಕ್ ನಿಮ್ಮ ಬಳಿ ಇರುವ ಸರಕಿನ ಬೆಲೆಯಿಂದ ಅಂಗಡಿಯವರಿಗೆ ಕೊಡಬೇಕಾದ ಬಾಕಿಯನ್ನು ಕಳೆಯುತ್ತದೆ, ಉಳಿದದ್ದರಲ್ಲಿ ಒಂದು ಪಾಲನ್ನು ನಿಮ್ಮದೇ ಬಂಡವಾಳ ಎಂದು ಬದಿಗಿಡುತ್ತದೆ, ಮಿಕ್ಕಿದ್ದಷ್ಟೇ ಕೊಡುತ್ತದೆ. ಇದಕ್ಕೆ ಡ್ರಾಯಿಂಗ್ ಪವರ್ ಎನ್ನುತ್ತಾರೆ. ನಿಮ್ಮ ಪಾಲು ಶೇಕಡಾ 25 ಎಂದಿಟ್ಟುಕೊಂಡು ನೋಡಿ. ಗೋದಾಮಿನಲ್ಲಿ 30ರ ಸರಕು ಇದೆ, ಅದರಲ್ಲಿ 20ರಷ್ಟು ಉದ್ದರಿ ತಂದದ್ದು. ಬ್ಯಾಂಕ್ ಲೆಕ್ಕಕ್ಕೆ ಸಿಗುವುದು 10, ಅದರಲ್ಲಿ ಮುಕ್ಕಾಲು ಪಾಲು 7.5. ಉದ್ದರಿಯ 20ನ್ನೂ, 30ರ ಮುಕ್ಕಾಲಾದ 22.5ನ್ನೂ ಕೂಡಿಸಿ 42.5 ಸಿಗುತ್ತದೆ ಎಂದು ಬರೆದ ಯೋಜನೆಗೆ ನಿಜವಾಗಿ ಸಿಗುವುದು 27.5. ಒಂದೇ ಗೋಡಂಬಿ ಚೀಲವನ್ನು ಎರಡು ಕಡೆ ಅಡವಿಡಲು ಆಗುವುದಿಲ್ಲ. ನಿಮ್ಮ ಯೋಜನೆಯಲ್ಲಿ ಈ ತಪ್ಪು ಇದೆಯೇ ಎಂದು ತಿಳಿಯಲು, ವಾರವಾರದ ಪಟ್ಟಿಯಲ್ಲಿ ದಾಸ್ತಾನಿನ ಪಕ್ಕದಲ್ಲೇ ಬಾಕಿಯ ಅಂಕಣ ಹಾಕಿ ನೋಡಿ. ಅಂಕಣವೇ ಇಲ್ಲದಿದ್ದರೆ ತಪ್ಪು ಇದೆ ಎಂದೇ ಅರ್ಥ.

ಹಾಲು, ಖೋವಾ ಮತ್ತು ತಯಾರಾದ ಸಿಹಿಯನ್ನು ನಾನು ಸಾಲ ಪಡೆದ ಬ್ಯಾಂಕ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ನ್ಯಾಯವೇ. ನಾಲ್ಕು ದಿನದಲ್ಲಿ ಹುಳಿಯಾಗುವ ಸರಕನ್ನು ನಂಬಿ ಯಾರು ಹಣ ಕೊಡುತ್ತಾರೆ?

ಈಗ ಉದ್ದರಿ. ಮೇಲ್ನೋಟಕ್ಕೆ ಇದರಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ. ಕಾಗದಪತ್ರವಿಲ್ಲ, ಬಡ್ಡಿ ಎಂಬ ಮಾತೇ ಇಲ್ಲ. ಹಬ್ಬಕ್ಕೆ ನಾಲ್ಕು ವಾರವಿರುವಾಗ 30 ದಿನದ ವಾಯಿದೆಗೆ ತಂದರೆ, ವಾಯಿದೆ ಮುಗಿಯುವಷ್ಟರಲ್ಲಿ ಗಲ್ಲಾಪೆಟ್ಟಿಗೆ ತುಂಬಿರುತ್ತದೆ. ಆದರೆ ಅದೇ ವರ್ತಕ ನಗದು ಕೊಟ್ಟರೆ ಶೇಕಡಾ 2 ಕಡಿಮೆ ಮಾಡುತ್ತಾನೆ ಎಂದಾದರೆ ಉದ್ದರಿಗೆ ಬೆಲೆ ಇದೆ. 98 ಕೊಡುವ ಬದಲು ತಿಂಗಳು ತಡೆದು 100 ಕೊಡುತ್ತೀರಿ. ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಶೇಕಡಾ 25. ನಮ್ಮ ಉದಾಹರಣೆಯ 20ರ ಸರಕಿಗೆ ರಿಯಾಯಿತಿ 0.4, ಅದಕ್ಕಾಗಿ ಬ್ಯಾಂಕಿನಿಂದ ತೆಗೆದ ಹಣಕ್ಕೆ ಒಂದು ತಿಂಗಳ ಬಡ್ಡಿ 0.2. ನಗದು ಕೊಟ್ಟವನಿಗೆ ಉಳಿತಾಯ.

ಆ 0.2ಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದು ಆರಿಸುವ ಹಕ್ಕು. ಉದ್ದರಿ ತಂದ ಒಂದು ಹಬ್ಬದಲ್ಲಿ ಗೋಡಂಬಿ ಚೀಲವನ್ನು ಬಿಚ್ಚಿ ತಟ್ಟೆಗೆ ಸುರಿದಾಗ ಮೇಲಿನ ಪದರ ಇಡೀ ಬೀಜ, ನಡುವೆ ಕೈ ಹಾಕಿದರೆ ಹೋಳು, ಪುಡಿ. ಒಂದನ್ನು ಮುರಿದು ಮೂಸಿದಾಗ ಹಳೆಯ ಎಣ್ಣೆಯ ಮುಗ್ಗಲು ವಾಸನೆ. ಅಂಥ ಬೀಜದ ಸಿಹಿ ಮೂರು ವಾರ ಇರಬೇಕಾದದ್ದು ಒಂದೇ ವಾರಕ್ಕೆ ಕಮಟು ಹಿಡಿಯುತ್ತದೆ. ಹಿಂತಿರುಗಿಸಲು ಹೋದರೆ ಹಿಂದಿನ ಬಾಕಿಯ ಮಾತು ಬಂತು. ನಗದಿಗೆ ಕೊಳ್ಳುವಾಗ ಎರಡು ಚೀಲ ಬಿಚ್ಚಿಸಿ, ಬೇಡವೆಂದು ಎದ್ದು ಬರಬಹುದು. ಇನ್ನೊಂದು ಮಾತು: ವಾಯಿದೆ ಬಿಲ್ಲಿನ ದಿನಾಂಕದಿಂದಲೋ ಸರಕು ಮುಟ್ಟಿದ ದಿನದಿಂದಲೋ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಒಂದು ವಾರ ಮುಂಚೆ ಬಿಲ್ ಹಾಕಿದರೆ ಹಣ ಕೊಡುವ ದಿನ ಹಾಲು, ಕೂಲಿಗೆ ನಗದು ಬೇಕಾದ ವಾರಕ್ಕೇ ಬಂದು ಬೀಳುತ್ತದೆ.

ಗಿರಾಕಿಗಳ ಮುಂಗಡ ನಾಲ್ಕನೆಯ ದಾರಿ. ನನಗೆ ಇದರ ಬಗ್ಗೆ ವಿಶೇಷ ಒಲವು, ಆದರೆ ಎಲ್ಲರೂ ಹೇಳುವ ಕಾರಣಕ್ಕಲ್ಲ. ಬಡ್ಡಿಯಿಲ್ಲದ ಹಣ ಎಂದು ಇದನ್ನು ಹೊಗಳುತ್ತಾರೆ. ಮೂರು ವಾರ ಮೊದಲು ಬುಕ್ ಮಾಡಿದವರಿಗೆ ಶೇಕಡಾ 5 ರಿಯಾಯಿತಿ ಕೊಟ್ಟು, ಅರ್ಧ ಹಣ ತೆಗೆದುಕೊಂಡೆವು ಎನ್ನಿ. 30ರ ಆರ್ಡರ್‌ಗೆ ಕೈಗೆ ಬಂದದ್ದು ಸುಮಾರು 15, ಬಿಟ್ಟುಕೊಟ್ಟದ್ದು 1.5. ಅದೇ 15ನ್ನು ಮೂರು ವಾರ ಬ್ಯಾಂಕಿನಿಂದ ತಂದಿದ್ದರೆ ಬಡ್ಡಿ ಬರೀ 0.1. ಸಾಲದ ಕಣ್ಣಿನಿಂದ ನೋಡಿದರೆ ಇದು ನಾಲ್ಕರಲ್ಲಿ ಅತ್ಯಂತ ದುಬಾರಿ.

ಮುಂಗಡದ ನಿಜವಾದ ಬೆಲೆ ಇರುವುದು ಅದು ಕೊಡುವ ಮಾಹಿತಿಯಲ್ಲಿ. ಹಾಲಿನ ಸಿಹಿಯೊಂದನ್ನು 10ಕ್ಕೆ ಮಾರುತ್ತೀರಿ, ಅದಕ್ಕೆ ಬಿದ್ದ ಖರ್ಚು 6. ಮಾರಿದರೆ 4 ಲಾಭ, ಉಳಿದರೆ ಎಸೆಯಬೇಕು, 6 ನಷ್ಟ. ಬೇಡಿಕೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಲಾಭ ಮತ್ತು ನಷ್ಟ ಎರಡನ್ನೂ ಕೂಡಿಸಿದ 10ರಲ್ಲಿ ಲಾಭದ ಪಾಲು 4, ಅಂದರೆ ಶೇಕಡಾ 40. ಹಿಂದಿನ ಹಬ್ಬಗಳ ಬೇಡಿಕೆಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು, ಆ ಸಾಲಿನಲ್ಲಿ ಕೆಳಗಿನಿಂದ ಶೇಕಡಾ 40ರ ಜಾಗದಲ್ಲಿ ಬರುವ ಅಂಕಿಯಷ್ಟೇ ಮಾಡಬೇಕು. ನಡುವಿನ ಅಂಕಿಗಿಂತಲೂ ಕಡಿಮೆ! ಗೋಡಂಬಿಯ ಒಣ ಸಿಹಿ ಹಾಗಲ್ಲ. ಹಬ್ಬದ ನಂತರ 5ಕ್ಕೆ ಮಾರಿ ಮುಗಿಸಬಹುದು, ನಷ್ಟ 1 ಮಾತ್ರ. ಅಲ್ಲಿ ಲಾಭದ ಪಾಲು 5ರಲ್ಲಿ 4, ಧಾರಾಳವಾಗಿ ಮಾಡಿಡಬಹುದು. ಎರಡಕ್ಕೂ ಒಂದೇ ಶೇಕಡಾವಾರು ಹೆಚ್ಚಳ ಹಾಕಿದ ಯೋಜನೆ ಹಾಲಿನ ಸಿಹಿಯನ್ನು ಎಸೆಯುತ್ತದೆ, ಒಣ ಸಿಹಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುತ್ತದೆ. ಮುಂಗಡ ಬಂದ ಹಾಲಿನ ಸಿಹಿಗೆ ಈ ಅಂದಾಜೇ ಬೇಡ, ಎಷ್ಟು ಬುಕ್ ಆಗಿದೆಯೋ ಅಷ್ಟು ಮಾಡಿದರಾಯಿತು.

ಆಮೇಲಿನ ಹಬ್ಬಗಳಲ್ಲಿ ರಿಯಾಯಿತಿ ನಿಲ್ಲಿಸಿ, ಮುಂಗಡ ಕೊಟ್ಟವರಿಗೆ ದಿನ ಮತ್ತು ಹೊತ್ತಿನ ಖಾತರಿ ಕೊಟ್ಟೆ: ಹಬ್ಬದ ಹಿಂದಿನ ದಿನ ಬೆಳಿಗ್ಗೆ ಪ್ರತ್ಯೇಕ ಕೌಂಟರಿನಲ್ಲಿ ಕಾಯದೆ ಒಯ್ಯಬಹುದು ಎಂದು. ಮನೆಗೆ ಕೊಳ್ಳುವವರು ಬಹುಮಟ್ಟಿಗೆ ಒಪ್ಪಿದರು. ಕಚೇರಿಗಳು ಮಾತ್ರ ರಿಯಾಯಿತಿ ಕೇಳುವುದನ್ನು ಬಿಡಲಿಲ್ಲ, ಉಳಿದ ಅರ್ಧ ಹಣವನ್ನೂ ಹಬ್ಬ ಮುಗಿದು ತಿಂಗಳಿಗೆ ಕೊಡುತ್ತವೆ. ಆ ಬಾಕಿಯನ್ನು ಕ್ಯಾಶ್ ಕ್ರೆಡಿಟ್ ತೀರಿಸುವ ವಾರದ ಲೆಕ್ಕದಿಂದ ಹೊರಗಿಡಬೇಕು.

ಬೇಡಿಕೆಯ ಸಾಲು ಬರೆಯುವಾಗ ಎರಡು ಎಚ್ಚರಿಕೆ ಬೇಕು. ದಿನಾಂಕ ಸರಿಯುವ ಹಬ್ಬವಾದರೆ ತಿಂಗಳಿಗೆ ತಿಂಗಳು ಹೋಲಿಸಬಾರದು, ಹಬ್ಬಕ್ಕೆ ಎಷ್ಟು ದಿನ ಉಳಿದಿತ್ತು ಎಂಬುದನ್ನು ಹಿಡಿದು ಹೋಲಿಸಬೇಕು. ಜೊತೆಗೆ ಯಾವ ತಟ್ಟೆ ಎಷ್ಟು ಗಂಟೆಗೆ ಖಾಲಿಯಾಯಿತು ಎಂದು ಬರೆದಿಡಬೇಕು. ಮಧ್ಯಾಹ್ನ ಎರಡಕ್ಕೇ ಮುಗಿದ ಸಿಹಿಯ ಮಾರಾಟದ ಅಂಕಿ ಬೇಡಿಕೆಯನ್ನು ತೋರಿಸುವುದಿಲ್ಲ, ನಾವು ಎಷ್ಟು ಮಾಡಿದ್ದೆವು ಎಂಬುದನ್ನಷ್ಟೇ ತೋರಿಸುತ್ತದೆ.

ಈಗ ನಾನು ಹಂಚುವುದು ಹೀಗೆ. ಹಾಲು ಮತ್ತು ಖೋವಾ ಪೂರ್ತಿ ಮುಂಗಡದಿಂದ, ಬುಕ್ ಆಗದ ಪಾಲಿಗೆ ಮಾತ್ರ ಸ್ವಂತ ಹಣ. ತುಪ್ಪ, ಸಕ್ಕರೆ, ಒಣಬೀಜ ಕ್ಯಾಶ್ ಕ್ರೆಡಿಟ್‌ನಿಂದ ನಗದಿಗೆ. ಪೆಟ್ಟಿಗೆ ಮಾತ್ರ ಉದ್ದರಿ, ಏಕೆಂದರೆ ಅದರ ಗುಣಮಟ್ಟ ಮಾದರಿ ನೋಡಿದಾಗಲೇ ಗೊತ್ತಾಗುತ್ತದೆ, ಕೆಡುವುದೂ ಇಲ್ಲ. ಪೆಟ್ಟಿಗೆಯ ಮೇಲೆ ಹಬ್ಬದ ಹೆಸರು, ವರ್ಷ ಅಚ್ಚು ಹಾಕಿಸುವುದಿಲ್ಲ. ಸಾದಾ ಪೆಟ್ಟಿಗೆಗೆ ಹಬ್ಬದ ಚಿತ್ರದ ಕಾಗದದ ಪಟ್ಟಿ ಸುತ್ತುತ್ತೇವೆ. ಉಳಿದರೆ ಪಟ್ಟಿಯಷ್ಟೇ ನಷ್ಟ, ಪೆಟ್ಟಿಗೆ ಮುಂದಿನ ಹಬ್ಬಕ್ಕೆ ಬರುತ್ತದೆ.

ವರ್ತಕ ನಗದಿಗೆ ರಿಯಾಯಿತಿ ಕೊಡದೆ, ಉದ್ದರಿಗೂ ಚೀಲ ಬಿಚ್ಚಿ ತೋರಿಸುವವನಾದರೆ ಈ ಹಂಚಿಕೆ ಬದಲಾಗುತ್ತದೆ. ಆಗ ಒಣಬೀಜವನ್ನೂ ಅವನ ಉದ್ದರಿಗೇ ತಂದು, ಬ್ಯಾಂಕಿನ ಮಿತಿಯನ್ನು ಚಿಕ್ಕದಾಗಿಯೇ ಕೇಳುತ್ತೇನೆ.