ಸಣ್ಣ ಸಾರ್ವಜನಿಕ ಶೌಚಾಲಯಕ್ಕೆ ಎಕ್ಸಾಸ್ಟ್ ಫ್ಯಾನೋ, ಜಾಲಿ ಗೋಡೆಯೋ?

ಸಂತೆ ಮೈದಾನದ ಅಂಚಿನಲ್ಲಿ ನಾಲ್ಕು ಕೋಣೆಗಳ ಶೌಚಾಲಯ ಕಟ್ಟಬೇಕು: ಹೆಂಗಸರಿಗೆ ಎರಡು, ಗಂಡಸರಿಗೆ ಎರಡು. ಪ್ರತಿ ಕೋಣೆ 3 ಅಡಿ ಅಗಲ, 4 ಅಡಿ ಉದ್ದ, 8 ಅಡಿ ಎತ್ತರ. ವಾಸನೆ ಹೊರಗೆ ಹೋಗಲು ಎರಡು ದಾರಿಗಳಿವೆ. ಒಂದು, ಹಿಂಗೋಡೆಯಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನು. ಇನ್ನೊಂದು, ಅದೇ ಗೋಡೆಯ ಮೇಲ್ಭಾಗದಲ್ಲಿ ಕೋಣೆಯ ಅಗಲಕ್ಕೂ 1 ಅಡಿ ಎತ್ತರದ ಸಿಮೆಂಟ್ ಜಾಲಿ. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಒಲವು ಜಾಲಿಯ ಕಡೆಗೇ. ಆದರೆ ಎಲ್ಲ ಜಾಗಕ್ಕೂ ಅಲ್ಲ.

ಮೊದಲು ಫ್ಯಾನು. ಗಾಳಿ ಬೀಸದ ದಿನವೂ ಅದು ಕೆಲಸ ಮಾಡುತ್ತದೆ, ಅದರ ನಿಜವಾದ ಗುಣ ಇದೇ. ಆದರೆ ಕರೆಂಟು ಹೋದ ಕೂಡಲೇ ಉಳಿಯುವುದು ಕಾಲು ಚದರಡಿಯೂ ಇಲ್ಲದ ಒಂದು ತೂತು, ಅದಕ್ಕೂ ರೆಕ್ಕೆಗಳು ಅಡ್ಡ. 40 ವಾಟಿನ ಒಂದು ಫ್ಯಾನು ಹಗಲೂ ರಾತ್ರಿ ಓಡಿದರೆ ದಿನಕ್ಕೆ ಸುಮಾರು 1 ಯೂನಿಟ್. ನಾಲ್ಕಕ್ಕೆ ತಿಂಗಳಿಗೆ 120 ಯೂನಿಟ್ ಹತ್ತಿರ. ಬಿಲ್ಲು ನೋಡಿದವರು ಸ್ವಿಚ್ ಆರಿಸುತ್ತಾರೆ, ಅಲ್ಲಿಗೆ ಗಾಳಿಯ ಕಥೆ ಮುಗಿಯಿತು.

ಇನ್ನೊಂದು ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಫ್ಯಾನು ಹೊರಹಾಕಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲು ಬಿಗಿಯಾಗಿದ್ದು, ನೀರು ನಿಲ್ಲಿಸಿಕೊಂಡು ಚರಂಡಿಯ ವಾಸನೆ ತಡೆಯುವ ನೆಲದ ನಹಾನಿ ಟ್ರ್ಯಾಪು ಒಣಗಿದ್ದರೆ, ಫ್ಯಾನು ಚರಂಡಿಯ ಗಾಳಿಯನ್ನೇ ಕೋಣೆಗೆ ಎಳೆಯುತ್ತದೆ. ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ನಿಂತಿದ್ದರೆ ಇಂಥ ಸಣ್ಣ ಫ್ಯಾನಿಗೆ ಅದನ್ನು ಎಳೆಯುವ ಶಕ್ತಿ ಇಲ್ಲ. ನೀರು ಆವಿಯಾಗಿ ಹೋದಾಗಲೇ ತಾಪತ್ರಯ. ಫ್ಯಾನು ಹಾಕಿದಾಗ ವಾಸನೆ ಹೆಚ್ಚಿ, ಆರಿಸಿದಾಗ ಕಡಿಮೆಯಾದರೆ ಮೊದಲು ಟ್ರ್ಯಾಪು ನೋಡಿ. ಬೀಗ ಹಾಕಿದ ಕೋಣೆಗೂ ಬೆಳಿಗ್ಗೆ ಒಂದು ಚೊಂಬು ನೀರು ಸುರಿಯಬೇಕು. ಬಾಗಿಲ ಕೆಳಗೆ 2 ಇಂಚು ಸಂದು ಬಿಡಬೇಕು.

ಜಾಲಿಗೆ ಸ್ವಿಚ್ ಇಲ್ಲ. 3 ಚದರಡಿ ಜಾಲಿಯಲ್ಲಿ ಅರ್ಧ ತೆರೆದಿದ್ದರೂ ಒಂದೂವರೆ ಚದರಡಿ ಸಿಕ್ಕಿತು, ಹಗಲು ಬೆಳಕೂ ಪುಕ್ಕಟೆ. ಬಾಗಿಲ ಸಂದಿನಿಂದ ತಂಪು ಗಾಳಿ ಒಳಬಂದು, ಒಳಗಿನ ಬೆಚ್ಚನೆ ಗಾಳಿ ಮೇಲೆ ಹೋಗುತ್ತದೆ. ಅದಕ್ಕಾಗಿ ಜಾಲಿ ಬಾಗಿಲ ಎದುರಿನ ಗೋಡೆಯಲ್ಲೇ ಇರಲಿ. ಬಾಗಿಲ ತಲೆಯ ಮೇಲಿಟ್ಟರೆ ಬಂದ ಗಾಳಿಯಲ್ಲಿ ಹೆಚ್ಚಿನ ಪಾಲು ಹಾಗೇ ಮೇಲೇರಿ ಹೋಗುತ್ತದೆ, ಕೂರುವ ಪ್ಯಾನಿನ ಬಳಿ ಗಾಳಿ ಅಲುಗುವುದಿಲ್ಲ. ಪರೀಕ್ಷೆ ಸುಲಭ: ಹಚ್ಚಿದ ಊದುಬತ್ತಿಯನ್ನು ಬಾಗಿಲ ಸಂದಿನಲ್ಲೂ ಆಮೇಲೆ ಪ್ಯಾನಿನ ಪಕ್ಕದಲ್ಲೂ ಹಿಡಿಯಿರಿ. ಹೊಗೆ ಒಳಮುಖವಾಗಿ ಬಾಗಿ ಜಾಲಿಯತ್ತ ಏರಬೇಕು. ಅಲ್ಲೇ ಸುತ್ತುತ್ತಿದ್ದರೆ ಸಂದು ಸಾಲದು, ಇಲ್ಲವೇ ಸೊಳ್ಳೆ ಪರದೆಯಲ್ಲಿ ಧೂಳು ಕಟ್ಟಿದೆ. ಪರದೆಯನ್ನು ಕಳಚಿ ತೊಳೆಯುವಂತೆ ಚೌಕಟ್ಟಿನಲ್ಲಿ ಕೂರಿಸಿ. ಗಾರೆಯಲ್ಲಿ ಹುದುಗಿಸಿದ್ದನ್ನು ಯಾರೂ ತೊಳೆಯುವುದಿಲ್ಲ.

ಜಾಲಿಯ ದೊಡ್ಡ ಅಪಾಯ ಇಣುಕು ನೋಟ, ಈಗ ಮೊಬೈಲ್ ಕ್ಯಾಮೆರಾ ಬೇರೆ. ಆದ್ದರಿಂದ ಜಾಲಿಯ ಕೆಳ ಅಂಚು ನೆಲದಿಂದ 7 ಅಡಿಗಿಂತ ಕೆಳಗೆ ಬರಕೂಡದು. ಆ 7 ಅಡಿಯನ್ನು ಒಳಗಿನಿಂದಲ್ಲ, ಹೊರಗಿನ ನೆಲದಿಂದ ಅಳೆಯಿರಿ. ಹಿಂದಿನ ಮಣ್ಣು ಒಂದೂವರೆ ಅಡಿ ಎತ್ತರದಲ್ಲಿದ್ದರೆ ಹೊರಗೆ ನಿಂತವನಿಗೆ ಜಾಲಿ ಐದೂವರೆ ಅಡಿಯಲ್ಲೇ ಸಿಗುತ್ತದೆ. ಅಲ್ಲಿ ಕಲ್ಲು, ಟ್ಯಾಂಕು, ಸಾಮಾನಿನ ಗುಡ್ಡೆ ಏನೂ ಇರಬಾರದು. ಗಾಳಿಗೆಂದು ಕೋಣೆಗಳ ನಡುಗೋಡೆಯನ್ನು ಗಿಡ್ಡ ಬಿಡುವ ರೂಢಿಯೂ ತಪ್ಪು. ಹೆಂಗಸರ ಮತ್ತು ಗಂಡಸರ ಭಾಗದ ನಡುವೆಯಂತೂ ಗೋಡೆ ಛಾವಣಿ ಮುಟ್ಟಲೇಬೇಕು. ಪ್ರತಿ ಕೋಣೆಗೂ ಅದರದೇ ಜಾಲಿ ಇರುವಾಗ ಗಿಡ್ಡ ಗೋಡೆಯ ಅಗತ್ಯವೇ ಇಲ್ಲ.

ಮಲೆನಾಡು, ಕರಾವಳಿಯಲ್ಲಿ ಜಾಲಿಯಿಂದ ಇರಚಲು ಬಂದು ನೆಲ ಒಣಗುವುದೇ ಇಲ್ಲ. ಅಲ್ಲಿ 2 ಅಡಿ ಸಜ್ಜ ಮತ್ತು ಹೊರಕ್ಕೆ ಇಳಿಜಾರಾದ ಪಟ್ಟಿಗಳ ಜಾಲಿ ಬೇಕು. ಬಯಲುಸೀಮೆಯಲ್ಲಿ ಒಂದು ಅಡಿ ಸಜ್ಜ ನಡೆಯುತ್ತದೆ, ಧೂಳಿನ ಕಾಟ ಮಾತ್ರ ಹೆಚ್ಚು.

ಎರಡೂ ಇರಲಿ ಎಂದು ಜಾಲಿಯ ಪಕ್ಕದಲ್ಲೇ ಫ್ಯಾನು ಕೂರಿಸುವವರಿದ್ದಾರೆ. ಹಣ ದಂಡ. ಫ್ಯಾನು ಪಕ್ಕದ ಜಾಲಿಯಿಂದಲೇ ಗಾಳಿ ಎಳೆದು ಹೊರಗೆ ತಳ್ಳುತ್ತದೆ, ಕೋಣೆಯ ಗಾಳಿ ಇದ್ದಲ್ಲೇ ಇರುತ್ತದೆ.

ನೆಲ ಸರಿಯಿಲ್ಲದಿದ್ದರೆ ಇವೆರಡೂ ಸೋಲುತ್ತವೆ. 4 ಅಡಿ ಉದ್ದಕ್ಕೆ 1 ಇಂಚು ವಾಟ ಕೊಟ್ಟು, ಬಾಗಿಲಿಂದ ಒಳಮುಖವಾಗಿ ನೀರು ಟ್ರ್ಯಾಪಿಗೆ ಹರಿಯುವಂತೆ ಮಾಡಿ. ಟೈಲ್ಸ್ ಸಂದಿಗೆ ಸಾದಾ ಸಿಮೆಂಟು ತುಂಬಿದರೆ ಅದು ಮೂತ್ರ ಹೀರಿ ನಾರುತ್ತದೆ. ಇಪಾಕ್ಸಿ ಗ್ರೌಟ್ ದುಬಾರಿಯಾದರೂ ಅದನ್ನೇ ಹಾಕಿಸಿ. ಗ್ರೌಟ್ ತುಂಬುವ ಮೊದಲೇ ಒಂದು ಬಕೆಟ್ ನೀರು ಸುರಿದು ನೋಡಿ. ಎಲ್ಲಾದರೂ ಮಡುಗಟ್ಟಿದರೆ ಆ ಟೈಲನ್ನು ಆಗಲೇ ಎಬ್ಬಿಸಿ.

ಸುತ್ತಲೂ ತೆರೆದ ಜಾಗವಿದ್ದರೆ ಜಾಲಿ. ಮಳಿಗೆಗಳ ನಡುವೆ ಸಿಕ್ಕಿಕೊಂಡ ಅಥವಾ ಮೆಟ್ಟಿಲ ಕೆಳಗಿನ ಶೌಚಾಲಯಕ್ಕೆ ಫ್ಯಾನೇ ಗತಿ. ಅದರ ಸ್ವಿಚ್ಚನ್ನು ಕೈಗೆ ಸಿಗದಂತೆ ಮೀಟರ್ ಪೆಟ್ಟಿಗೆಯೊಳಗೆ ಇಡಿ.