ಲೊಕೇಶನ್‌ಗೆ ಜಿಪಿಎಸ್ ಸಾಕಾ, ವೈ-ಫೈ ಸ್ಕ್ಯಾನಿಂಗ್ ಕೂಡ ಬೇಕಾ?

ಬಯಲಲ್ಲಿ ಓಡಾಡುವವರಿಗೆ ಜಿಪಿಎಸ್ ಸಾಕು. ಸುಮಾರು 5 ಮೀಟರ್ ಆಚೀಚೆ ಜಾಗ ತೋರಿಸುತ್ತದೆ. ಆದರೆ ಉಪಗ್ರಹಗಳು 20,000 ಕಿ.ಮೀ. ಮೇಲಿವೆ, ಸಿಗ್ನಲ್ ತೀರಾ ಸಣ್ಣದು. ಮಾಲ್ ಒಳಗೆ ಕಾಂಕ್ರೀಟ್ ಅದನ್ನು ತಡೆಯುತ್ತದೆ. ಕಿಟಕಿಯಿಂದ ನುಸುಳಿದ್ದೂ ಎದುರಿನ ಕಟ್ಟಡಕ್ಕೆ ಬಡಿದು ತಡವಾಗಿ ಬಂದಿರಬಹುದು. ಆ ತಡವನ್ನು ಫೋನ್ ದೂರ ಅಂದುಕೊಳ್ಳುತ್ತದೆ, ಮ್ಯಾಪ್‌ನಲ್ಲಿ ನಿಮ್ಮ ಚುಕ್ಕಿ ಪಕ್ಕದ ರಸ್ತೆಗೆ ಹಾರುತ್ತದೆ.

ಅಂಥ ಕಡೆ ವೈ-ಫೈ ಸ್ಕ್ಯಾನಿಂಗ್ ಆನ್ ಇರಲಿ. ಕನೆಕ್ಟ್ ಆಗಬೇಕಿಲ್ಲ, ಸುತ್ತಲಿನ ರೂಟರ್‌ಗಳ ಗುರುತನ್ನು ಮೊದಲೇ ಮಾಡಿಟ್ಟ ಪಟ್ಟಿಯ ಜೊತೆ ತಾಳೆ ನೋಡಲಾಗುತ್ತದೆ. ಆದರೂ ಹತ್ತಾರು ಮೀಟರ್ ತಪ್ಪಬಹುದು, ಎಷ್ಟನೇ ಮಹಡಿ ಅನ್ನೋದು ಸಾಮಾನ್ಯವಾಗಿ ತಿಳಿಯುವುದಿಲ್ಲ.

ಬರೀ ಮೊಬೈಲ್ ಟವರ್ ನೋಡಿ ಜಾಗ ಹೇಳಿದರೆ ಪೇಟೆಯಲ್ಲಿ ನೂರಾರು ಮೀಟರ್, ಹಳ್ಳಿ ಕಡೆ ಕಿಲೋಮೀಟರ್‌ಗಟ್ಟಲೆ ತಪ್ಪು. ಬ್ಯಾಟರಿ ಮಾತ್ರ ಜಾಸ್ತಿ ತಿನ್ನುವುದಿಲ್ಲ. ಊರು ತಿಳಿದರೆ ಸಾಕು ಅನ್ನುವ ಹವಾಮಾನ ಆ್ಯಪ್‌ಗೆ ಅಷ್ಟೇ ಸಾಕಲ್ವಾ? ಕ್ಯಾಬ್‌ಗೆ ಸಾಲದು. ಚುಕ್ಕಿಯ ಸುತ್ತ ನೀಲಿ ವೃತ್ತ ದೊಡ್ಡದಾಗಿ ಕಂಡರೆ ಜಾಗ ಖಚಿತವಿಲ್ಲ ಎಂದರ್ಥ, ಪಿನ್ ಅನ್ನು ನೀವೇ ಗೇಟಿಗೆ ಸರಿಸಿ.