ಔಟ್‌ಲೈಯರ್: ತೆಗೆಯೋದಾ, ಮೊಟಕು ಮಾಡೋದಾ, ಇಟ್ಟುಕೊಳ್ಳೋದಾ?

ಧಾರವಾಡದ ಗೆಳತಿಯೊಬ್ಬರು ಬ್ಯಾಡಗಿ ಮೆಣಸಿನಕಾಯಿ ಪ್ರಯೋಗಕ್ಕೆ ಅನುದಾನದ ಅರ್ಜಿ ಬರೆಯುತ್ತಿದ್ದಾರೆ. ಮುಖ್ಯ ಫಲಿತಾಂಶ ಒಂದೇ: ಎಕರೆಗೆ ಒಣ ಕಾಯಿಯ ಇಳುವರಿ. ಉಳಿದವುಗಳಿಂದ ತೀರಾ ದೂರ ನಿಲ್ಲುವ ಅಂಕಿಗಳ, ಅಂದರೆ ಔಟ್‌ಲೈಯರ್‌ಗಳ ಬಗ್ಗೆ ಏನು ಬರೆಯೋದು ಅಂತ ಕೇಳಿದರು.

‘ಸರಾಸರಿಯಿಂದ 3 ಎಸ್‌ಡಿ ಆಚೆಗಿದ್ದರೆ ತೆಗೆಯುತ್ತೇವೆ’ ಅನ್ನೋದು ಸುಲಭ. ಎಸ್‌ಡಿ ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದರ ಅಳತೆ. ಆದರೆ ಗುಂಪಿಗೆ 10 ಹೊಲ ಇದ್ದರೆ ಯಾವ ಅಂಕಿಯೂ 2.85 ಎಸ್‌ಡಿ ದಾಟೋದೇ ಇಲ್ಲ. ದೊಡ್ಡ ಅಂಕಿ ಎಸ್‌ಡಿಯನ್ನೂ ಹಿಗ್ಗಿಸುತ್ತದೆ, ಅಲ್ವಾ? ನಿಯಮ ಸುಮ್ನೆ ಕಾಗದದಲ್ಲಿರುತ್ತದೆ. ನೂರಾರು ಹೊಲಗಳಿದ್ದರೆ ನಡೆಯುತ್ತದೆ, ಆದರೂ ನಿಜವಾದ ಬಂಪರ್ ಬೆಳೆ ಲೆಕ್ಕದಿಂದ ಹೋಗಬಹುದು.

ಹೊಲ ಜಾಸ್ತಿಯಿದ್ದು ಒಂದನ್ನೂ ಬಿಡಬಾರದು ಅಂದರೆ ವಿನ್ಸರೈಸ್ ಮಾಡಿ, ಅಂದರೆ ಮಿತಿ ದಾಟಿದ ಅಂಕಿಯನ್ನು ತೆಗೆಯದೆ ಆ ಮಿತಿಗೇ ಮೊಟಕು ಮಾಡಿ. ಮಿತಿಯನ್ನು ಮೊದಲೇ ಬರೆಯಿರಿ: 5 ಮತ್ತು 95ನೇ ಪರ್ಸೆಂಟೈಲ್.

ಇವರದು ಚಿಕ್ಕ ಪ್ರಯೋಗ. ಹಾಗಾಗಿ ನಾನು ಬರೆದುಕೊಟ್ಟದ್ದು: ‘ಎಲ್ಲ ಹೊಲಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಯಾವ ಹೊಲ ಯಾವ ಗುಂಪಿನದು ಎಂದು ತಿಳಿಯದವರು ತೂಕದ ಪುಸ್ತಕ ನೋಡಿ ತಪ್ಪೆಂದು ಖಚಿತಪಡಿಸಿದರೆ ಮಾತ್ರ ಅಂಕಿ ತಿದ್ದುತ್ತೇವೆ. ಔಟ್‌ಲೈಯರ್‌ಗಳ ಪ್ರಭಾವ ತಗ್ಗಿಸುವ ರೋಬಸ್ಟ್ ರಿಗ್ರೆಷನ್ ವಿಧಾನದಲ್ಲೂ ಲೆಕ್ಕ ಹಾಕಿ ಎರಡೂ ಫಲಿತಾಂಶ ಕೊಡುತ್ತೇವೆ.’